ಕಾಕಾನ ಚಕ್ಕರ್ ಕಿವಿಯದು ಎಂದರು, ಎಂ.ಆರ್.ಐ. ಬೇರೆಯೇ ಹೇಳಿತು: ವೈದ್ಯರು ಕಣ್ಣಿನಲ್ಲಿ ನೋಡಿದ್ದೇನು?

ತೊಗರಿಹೊಲ, ಸೇಡಂ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ನಮ್ಮ ಕಾಕಾನವರಿಗೆ 58 ವರ್ಷ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ, ಮಾತ್ರೆಗಳನ್ನು ಬಿಟ್ಟು ಬಿಟ್ಟು ತೆಗೆದುಕೊಳ್ಳುತ್ತಿದ್ದರು. ನಿನ್ನೆ ಬೆಳಿಗ್ಗೆ 5.30ರ ಸುಮಾರಿಗೆ ತೊಗರಿ ರಾಶಿ ಕಾಯಲು ಕಣದಲ್ಲಿ ಮಲಗಿದ್ದವರು ಎದ್ದು, ಕಂಬಳಿ ಮಡಚಿ, ನಾಲ್ಕು ಹೆಜ್ಜೆ ನಡೆದಿದ್ದಾರೆ. ಅಷ್ಟರಲ್ಲಿ ಇಡೀ ಕಣವೇ ಗಿರಗಿರನೆ ತಿರುಗಿದಂತಾಗಿ ಎಡಕ್ಕೆ ಬಿದ್ದರು. ಬಿದ್ದ ಕ್ಷಣದಿಂದ ವಾಂತಿ ಆರಂಭವಾಯಿತು. ಆದರೆ ಬಾಯಿ ಸೊಟ್ಟಗಾಗಿರಲಿಲ್ಲ, ಕೈಕಾಲುಗಳಲ್ಲಿ ಶಕ್ತಿ ಇತ್ತು, ಮಾತು ಸ್ಪಷ್ಟವಾಗಿತ್ತು. ನನ್ನ ಹೆಸರು ಹಿಡಿದು ಕೂಗಿ ನೀರು ಕೇಳಿದರು. ಹೀಗಾಗಿ ಮನೆಯವರೆಲ್ಲ ಪಿತ್ತ ಏರಿದೆ ಎಂದೇ ಭಾವಿಸಿದೆವು. ಊರಿನ ಹತ್ತಿರದ ದವಾಖಾನೆಯಲ್ಲಿ ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ಕಿವಿಯ ತೊಂದರೆಯೆಂದು ಮಾತ್ರೆ ಬರೆದುಕೊಟ್ಟರು. ಮಧ್ಯಾಹ್ನವಾದರೂ ಕಡಿಮೆಯಾಗದ ಕಾರಣ ಕಲಬುರಗಿಗೆ ಕರೆತಂದು ಒಂದು ಕಡೆ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಸರಿಯಾಗಿದೆ, ಕಿವಿಯ ನರ ಊದಿಕೊಂಡಿದೆ, ಮೂರು ದಿನ ಮಲಗಿದರೆ ಸರಿಹೋಗುತ್ತದೆ ಎಂದು ಹೇಳಿ ಅಲ್ಲಿಂದ ಕಳುಹಿಸಿದರು.

ಆದರೆ ಅವರನ್ನು ವಾಹನದಲ್ಲಿ ಕೂರಿಸಲು ಹೋದಾಗ ಇಬ್ಬರು ಹಿಡಿದರೂ ಎಡಕ್ಕೆ ವಾಲಿ ಬೀಳುತ್ತಿದ್ದರು. ಅದನ್ನು ನೋಡಿ ನನಗೆ ಸಮಾಧಾನವಾಗದೆ ಇನ್ನೊಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಒಯ್ದೆ. ಅಲ್ಲಿದ್ದ ಕಿರಿಯ ವಯಸ್ಸಿನ ಡಾಕ್ಟರು ಮೊದಲು ಕಾಕಾನ ಕಣ್ಣುಗಳನ್ನೇ ಬಹಳ ಹೊತ್ತು ನೋಡಿದರು. ತಮ್ಮ ಮೂಗನ್ನೇ ದಿಟ್ಟಿಸಿ ನೋಡಿ ಎಂದು ಹೇಳಿ, ಎರಡೂ ಕೈಗಳಿಂದ ತಲೆ ಹಿಡಿದು ಪಕ್ಕಕ್ಕೆ ಚಕ್ಕನೆ ಒಮ್ಮೆ ತಿರುಗಿಸಿದರು. ಇನ್ನೊಂದು ಪಕ್ಕಕ್ಕೂ ಹಾಗೆಯೇ ಮಾಡಿದರು. ಬಳಿಕ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆಸಿ, ಅದನ್ನೇ ಅದಲುಬದಲು ಮಾಡಿದರು. ಕೊನೆಗೆ ನನ್ನ ಕಡೆ ತಿರುಗಿ, "ತಲೆ ತಿರುಗಿಸಿದಾಗ ಇವರ ಕಣ್ಣು ಸರಿಯಾಗಿ ನಿಲ್ಲುತ್ತಿದೆ, ಅದಕ್ಕೇ ನನಗೆ ಚಿಂತೆ" ಎಂದರು. ಅದೇ ರಾತ್ರಿ ಎಂ.ಆರ್.ಐ. ಆಯಿತು. ತಲೆಯ ಹಿಂಭಾಗದ ಕಿರುಮೆದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ನಿಂತು ಸ್ಟ್ರೋಕ್ ಆಗಿದೆ ಎಂದು ತಿಳಿಯಿತು.

ಪರೀಕ್ಷೆಯ ಫಲಿತಾಂಶ ಸರಿಯಾಗಿದ್ದರೆ ರೋಗ ದೊಡ್ಡದು ಎಂಬ ಮಾತು ನನಗೆ ಇನ್ನೂ ಅರ್ಥವಾಗಿಲ್ಲ. ಬೆಳಿಗ್ಗೆಯೇ ನಾವು ಇದನ್ನು ಗುರುತಿಸಬಹುದಿತ್ತೇ?

ನಿವೃತ್ತ ಮಾಸ್ತರ, ಹುಮನಾಬಾದ್

ತಮ್ಮಾ, ನಿಮ್ಮ ಕಾಕಾನವರು ಬೇಗ ಗುಣವಾಗಲಿ. ನನಗೆ ತಿಳಿದದ್ದನ್ನು ಹೇಳುತ್ತೇನೆ. ಲಕ್ವಾ ಹೊಡೆದರೆ ಮುಖ ವಾಲುತ್ತದೆ, ಒಂದು ಕೈ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ. ಈ ಮೂರನ್ನು ನಮ್ಮ ಶಾಲೆಯಲ್ಲಿ ಆರೋಗ್ಯ ಇಲಾಖೆಯವರು ಮಕ್ಕಳಿಗೂ ಹೇಳಿಕೊಟ್ಟಿದ್ದರು. ಇವು ಮೂರೂ ಇಲ್ಲದಿದ್ದರೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಇನ್ನೊಂದು ಗುರುತು ಎಂದರೆ, ತಲೆ ಅಲ್ಲಾಡಿಸಿದಾಗ ಚಕ್ಕರ್ ಹೆಚ್ಚಾದರೆ ಅದು ಕಿವಿಯದು, ಅಲ್ಲಾಡಿಸದೆಯೂ ಇದ್ದರೆ ಮೆದುಳಿನದು. ನನಗೆ 2019ರಲ್ಲಿ ಚಕ್ಕರ್ ಬಂದಾಗ ನಮ್ಮ ವೈದ್ಯರು ಹೀಗೆಯೇ ವಿವರಿಸಿದ್ದರು. ನಿಮ್ಮ ಕಾಕಾನದು ಬಹಳ ಅಪರೂಪದ ಪ್ರಕರಣ ಇರಬೇಕು.

ಮನೆಯಂಗಳ, ಬೀದರ್

ನನಗೂ ಇದೇ ತೊಂದರೆ ಎರಡು ವರ್ಷಗಳಿಂದ ಇದೆ, ಅಣ್ಣಾ. ರಾತ್ರಿ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದರೆ ಮನೆಯ ಜಂತಿಗಳೆಲ್ಲ ತಿರುಗುತ್ತವೆ. ಕಣ್ಣು ಮುಚ್ಚಿ ಮೂವತ್ತು ಎಣಿಸುವಷ್ಟರಲ್ಲಿ ನಿಂತುಹೋಗುತ್ತದೆ. ಆಮೇಲೆ ಎದ್ದು ರೊಟ್ಟಿಯನ್ನೂ ಬಡಿಯುತ್ತೇನೆ. ಕಿವಿ ಡಾಕ್ಟರು ಮಂಚದ ಮೇಲೆ ಮಲಗಿಸಿ ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ತಿರುಗಿಸಿದರು, ಎರಡೇ ಸಲಕ್ಕೆ ಹೋಯಿತು. ನಿಮ್ಮ ಕಾಕಾನವರಿಗೂ ಅದನ್ನು ಮಾಡಿಸಿ ನೋಡಿ. ಇಲ್ಲಿ ಬರೆದಿರುವುದನ್ನು ಓದಿದ ಮೇಲೆ ನನಗೂ ಎಂ.ಆರ್.ಐ. ಬೇಕೇನೋ ಎಂಬ ಭಯ ಹುಟ್ಟಿದೆ.

ನರರೋಗ ವೈದ್ಯೆ, ಕಲಬುರಗಿ

ಮೊದಲು ಬೀದರಿನ ಅಕ್ಕನವರಿಗೆ. ನಿಮ್ಮದು ಬೇರೆ ಕಾಯಿಲೆ. ಒಳಗಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ಸರಿದಾಗ ಹೀಗೆ ಆಗುತ್ತದೆ. ಹೊರಳಿದಾಗ ಮಾತ್ರ ಬರುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ, ನಡುವಿನ ಹೊತ್ತಿನಲ್ಲಿ ನೀವು ನೆಟ್ಟಗೆ ಇರುತ್ತೀರಿ. ನೀವು ವಿವರಿಸಿದಷ್ಟನ್ನು ನೋಡಿದರೆ ಎಂ.ಆರ್.ಐ. ಬೇಕೆಂದು ಅನ್ನಿಸುವುದಿಲ್ಲ. ಆದರೆ ಸೇಡಂನ ರೋಗಿಗೆ ಬೆಳಿಗ್ಗೆ ಹತ್ತಿದ ಚಕ್ಕರ್ ರಾತ್ರಿಯವರೆಗೂ ಬಿಟ್ಟಿಲ್ಲ. ಸುಮ್ಮನೆ ಮಲಗಿದ್ದಾಗಲೂ ಇತ್ತು. ಹೀಗೆ ಗಂಟೆಗಟ್ಟಲೆ ಬಿಡದೆ ಇರುವ ಚಕ್ಕರ್‌ಗೆ ಹರಳು ಕಾರಣವಾಗುವುದಿಲ್ಲ. ಆಗ ಮುಖ್ಯವಾಗಿ ಎರಡು ಕಾರಣಗಳು ಉಳಿಯುತ್ತವೆ: ಕಿವಿಯ ಸಮತೋಲನದ ನರಕ್ಕೆ ಬಂದ ಊತ, ಇಲ್ಲವೇ ಮೆದುಳಿನ ಹಿಂಭಾಗದ ಸ್ಟ್ರೋಕ್. ಪ್ರಶ್ನೆ ಇರುವುದು ಇವೆರಡರ ನಡುವೆ.

ಮಾಸ್ತರೇ, ತಾವು ಹೇಳಿದ ಮುಖ, ಕೈ, ಮಾತು ಎಂಬ ಗುರುತುಗಳು ಸರಿಯೇ. ಅವು ಇದ್ದರೆ ಸ್ಟ್ರೋಕ್ ಎಂದೇ ತಿಳಿದು ಓಡಬೇಕು. ಆದರೆ ಅವು ಇಲ್ಲದಿದ್ದರೆ ಸ್ಟ್ರೋಕ್ ಅಲ್ಲ ಎನ್ನಲು ಬರುವುದಿಲ್ಲ, ಏಕೆಂದರೆ ಕೈಕಾಲುಗಳನ್ನು ಆಡಿಸುವ ನರಗಳ ದಾರಿ ಕಿರುಮೆದುಳಿನ ಒಳಗೆ ಹಾದುಹೋಗುವುದಿಲ್ಲ. ಅಲ್ಲಿಯ ಒಂದು ರಕ್ತನಾಳ ಕಟ್ಟಿಕೊಂಡರೆ ಕೈಯಲ್ಲಿ ಪೂರ್ತಿ ಶಕ್ತಿ ಇರುವ ಮನುಷ್ಯನೂ ಕೂರಲಾರದೆ ಉರುಳುತ್ತಾನೆ. ಎರಡನೆಯ ಮಾತನ್ನು ಸ್ವಲ್ಪ ತಿದ್ದಬೇಕು. ತಲೆ ಅಲ್ಲಾಡಿಸಿದಾಗ ಚಕ್ಕರ್ ಹೊಸದಾಗಿ ಹುಟ್ಟುವುದು ಬೇರೆ, ಆಗಲೇ ಇರುವ ಚಕ್ಕರ್ ಹೆಚ್ಚಾಗುವುದು ಬೇರೆ. ಹೊಸದಾಗಿ ಹುಟ್ಟಿ ನಿಲ್ಲುವುದು ಅಕ್ಕನವರ ಕಾಯಿಲೆ. ಇರುವುದು ಹೆಚ್ಚಾಗುವುದು ಕಿವಿಯಲ್ಲೂ ಆಗುತ್ತದೆ, ಸ್ಟ್ರೋಕಿನಲ್ಲೂ ಆಗುತ್ತದೆ, ಆದ್ದರಿಂದ ಅದರಿಂದ ಏನನ್ನೂ ನಿರ್ಧರಿಸಲಾಗದು. ವೈದ್ಯರೂ ಎಡವುವ ಜಾಗ ಇದು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಒಂದು ಅಂಕೆಯನ್ನು ದಿಟ್ಟಿಸಿ, ತಲೆಯನ್ನು ಬಲಕ್ಕೆ ಎಡಕ್ಕೆ ಆಡಿಸಿ ನೋಡಿ, ಅಂಕೆ ಕದಡುವುದಿಲ್ಲ. ತಲೆ ಬಲಕ್ಕೆ ಹೋದಷ್ಟೇ ವೇಗದಲ್ಲಿ ಕಣ್ಣು ಎಡಕ್ಕೆ ಹೋಗುವುದರಿಂದ ನೋಟ ಅಲ್ಲೇ ನಿಂತಿರುತ್ತದೆ. ಈ ಕೆಲಸಕ್ಕೆ ಒಂದು ಗಿಡ್ಡ ದಾರಿ ಇದೆ. ಒಳಗಿವಿ ತಲೆಯ ತಿರುವನ್ನು ಅಳೆಯುತ್ತದೆ, ಕಿವಿಯ ನರ ಅದನ್ನು ಮೆದುಳಿನ ಕಾಂಡಕ್ಕೆ ಒಯ್ಯುತ್ತದೆ, ಅಲ್ಲಿಂದ ಆಜ್ಞೆ ನೇರವಾಗಿ ಕಣ್ಣಿನ ಸ್ನಾಯುಗಳಿಗೆ ಹೋಗುತ್ತದೆ. ಎಡಗಿವಿಯ ನರ ಊದಿ ಕೆಲಸ ನಿಲ್ಲಿಸಿದೆ ಎಂದುಕೊಳ್ಳಿ. ವೈದ್ಯರು ತಲೆಯನ್ನು ಎಡಕ್ಕೆ ಚಕ್ಕನೆ ತಿರುಗಿಸಿದಾಗ ಸುದ್ದಿ ಮೇಲಕ್ಕೆ ಹೋಗುವುದೇ ಇಲ್ಲ. ಕಣ್ಣು ತಲೆಯ ಜೊತೆಗೇ ಎಡಕ್ಕೆ ಜಾರಿ ವೈದ್ಯರ ಮೂಗನ್ನು ಬಿಟ್ಟುಬಿಡುತ್ತದೆ, ಮರುಕ್ಷಣ ತಪ್ಪು ತಿಳಿದಂತೆ ಮೂಗಿಗೆ ಮರಳಿ ಜಿಗಿಯುತ್ತದೆ. ಈ ಮರುಜಿಗಿತ ಕಂಡರೆ ದೋಷ ಕಿವಿಯ ನರದಲ್ಲಿದೆ ಎಂಬುದಕ್ಕೆ ಬಲ ಬರುತ್ತದೆ. ಹಾಲ್ಮಾಗಿ ಮತ್ತು ಕರ್ತಾಯ್ಸ್ ಎಂಬ ಇಬ್ಬರು 1988ರಲ್ಲಿ ಈ ಪರೀಕ್ಷೆಯನ್ನು ವಿವರಿಸಿದರು. ಇದಕ್ಕೆ ಯಾವ ಯಂತ್ರವೂ ಬೇಡ.

ನಿಮ್ಮ ಕಾಕಾನ ಕಿರುಮೆದುಳು ಆ ಗಿಡ್ಡ ದಾರಿಯ ಮೇಲಿಲ್ಲ, ಪಕ್ಕದಲ್ಲಿದೆ. ಅಲ್ಲಿ ಸ್ಟ್ರೋಕ್ ಆದರೂ ಕಿವಿ, ನರ, ಕಣ್ಣಿನ ದಾರಿ ಹಾಗೆಯೇ ಉಳಿದಿತ್ತು. ಅದಕ್ಕೇ ಅವರ ಕಣ್ಣು ಮೂಗಿನ ಮೇಲೆ ಸರಿಯಾಗಿ ನಿಂತಿತು. ಆ ವೈದ್ಯರು ಯೋಚಿಸಿದ್ದು ಹೀಗೆ: ಈ ಮನುಷ್ಯನಿಗೆ ಇಷ್ಟು ಘೋರವಾದ ಚಕ್ಕರ್ ಇದೆ, ಆದರೆ ಕಿವಿಯ ನರ ನೆಟ್ಟಗಿದೆ, ಹಾಗಾದರೆ ಚಕ್ಕರ್ ಬಂದದ್ದು ಎಲ್ಲಿಂದ? ಇದು ಈಗಲೂ ಚಕ್ಕರ್ ಇರುವ, ಕಣ್ಣುಗುಡ್ಡೆ ತಾನಾಗಿಯೇ ಮತ್ತೆ ಮತ್ತೆ ಒಂದು ಕಡೆಗೆ ಜಗ್ಗುತ್ತಿರುವ ರೋಗಿಗೆ ಮಾತ್ರ ಅನ್ವಯಿಸುತ್ತದೆ. ಚಕ್ಕರ್ ಇಲ್ಲದ ನನಗೂ ನಿಮಗೂ ಇದೇ ಪರೀಕ್ಷೆ ಮಾಡಿದರೆ ಕಣ್ಣು ಸರಿಯಾಗಿಯೇ ನಿಲ್ಲುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಇಂದು ಎಷ್ಟನೆಯ ದಿನ, ಅವರು ಈಗ ಎಲ್ಲಿದ್ದಾರೆ ಎಂಬುದನ್ನು ದಯವಿಟ್ಟು ತಿಳಿಸಿ.

ತೊಗರಿಹೊಲ, ಸೇಡಂ ತಾಲ್ಲೂಕು

ಮೇಡಂ, ಇಂದು ಎರಡನೆಯ ದಿನ. ವಾರ್ಡಿನಲ್ಲಿದ್ದಾರೆ, ಮಾತನಾಡುತ್ತಿದ್ದಾರೆ, ವಾಂತಿ ಕಡಿಮೆಯಾಗಿದೆ. ನಾಳೆ ಮನೆಗೆ ಕಳುಹಿಸಬಹುದೇ ಎಂದು ಕಾಕು ಕೇಳುತ್ತಿದ್ದಾರೆ. ನನ್ನನ್ನು ಕಾಡುವ ಇನ್ನೊಂದು ವಿಷಯ ಸಿಟಿ ಸ್ಕ್ಯಾನ್. ಸ್ಟ್ರೋಕ್ ಆಗಿ ಏಳೆಂಟು ಗಂಟೆ ಕಳೆದಿದ್ದರೂ ಅದರಲ್ಲಿ ಏಕೆ ಕಾಣಲಿಲ್ಲ? ಫಿಲ್ಮ್ ನನ್ನ ಕೈಯಲ್ಲೇ ಇದೆ.

ನರರೋಗ ವೈದ್ಯೆ, ಕಲಬುರಗಿ

ನಾಳೆ ಮನೆಗೆ ಕರೆದೊಯ್ಯುವ ಮಾತು ಬೇಡ ಎಂದು ಕಾಕು ಅವರಿಗೆ ಹೇಳಿ. ಕಿರುಮೆದುಳು ಇರುವುದು ತಲೆಬುರುಡೆಯ ಹಿಂದಿನ ಇಕ್ಕಟ್ಟಾದ ಗೂಡಿನಲ್ಲಿ. ಸತ್ತ ಭಾಗ ಮುಂದಿನ ಕೆಲವು ದಿನಗಳಲ್ಲಿ, ಹೆಚ್ಚಾಗಿ ಮೂರನೆಯ ದಿನದ ಆಸುಪಾಸಿನಲ್ಲಿ ಊದಿಕೊಳ್ಳುತ್ತದೆ. ಊದಿದಾಗ ಮೆದುಳಿನ ಒಳಗಿನ ನೀರು ಇಳಿದುಹೋಗುವ ಕಾಲುವೆಯನ್ನು ಅದುಮುತ್ತದೆ, ಮೆದುಳಿನ ಕಾಂಡವನ್ನೂ ಒತ್ತುತ್ತದೆ. ಮೊದಲ ಸುಳಿವು ಮಂಪರು. ಕರೆದರೆ ತಡವಾಗಿ ಓಗೊಡುವುದು, ಮಾತಿನ ನಡುವೆ ನಿದ್ದೆಗೆ ಜಾರುವುದು, ತಲೆನೋವು ಮತ್ತು ವಾಂತಿ ಮರಳಿ ಹೆಚ್ಚಾಗುವುದು. ಪಾಪ, ಈಗ ನಿದ್ದೆ ಹತ್ತಿತು, ಮಲಗಲಿ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ರಾತ್ರಿಯೂ ಎಬ್ಬಿಸಿ ಮಾತನಾಡಿಸಿ, ಸಂದೇಹ ಬಂದರೆ ಬೆಳಗಾಗುವುದನ್ನು ಕಾಯದೆ ಡ್ಯೂಟಿ ಡಾಕ್ಟರನ್ನು ಕರೆಯಿರಿ.

ಸಿಟಿ ಸ್ಕ್ಯಾನಿನ ವಿಷಯ. ರಕ್ತಸ್ರಾವವಾಗಿದ್ದರೆ ಅದು ಬೆಳ್ಳಗೆ ಎದ್ದು ಕಾಣುತ್ತದೆ, ಅದಕ್ಕಾಗಿ ಸಿಟಿ ಮಾಡಿಸಿದ್ದು ತಪ್ಪಲ್ಲ. ರಕ್ತನಾಳ ಕಟ್ಟಿ ಆದ ಸ್ಟ್ರೋಕ್ ಮೊದಲ ಗಂಟೆಗಳಲ್ಲಿ ಸುತ್ತಲಿನ ಮೆದುಳಿನ ಬಣ್ಣದಲ್ಲೇ ಇರುತ್ತದೆ. ಅದರಲ್ಲೂ ಕಿರುಮೆದುಳಿನ ಇಕ್ಕೆಲದಲ್ಲಿ ಕಿವಿಯ ಹಿಂದಿನ ದಪ್ಪ ಮೂಳೆ ಇದೆ. ನಿಮ್ಮ ಫಿಲ್ಮಿನಲ್ಲಿ ಕೆಳಗಿನ ಚಿತ್ರಗಳನ್ನು ಬೆಳಕಿಗೆ ಹಿಡಿದರೆ ಆ ಮೂಳೆಗಳ ನಡುವೆ ಅಡ್ಡಗೆರೆಗಳು ಕಾಣಬಹುದು, ಅವು ಮೂಳೆಯಿಂದ ಉಂಟಾದ ನೆರಳುಗಳು. ಆದ್ದರಿಂದ ಸಿಟಿ ಸರಿಯಿದೆ ಎಂದರೆ ರಕ್ತಸ್ರಾವ ಇಲ್ಲ ಎಂದು ಮಾತ್ರ ಓದಬೇಕು. ಸ್ಟ್ರೋಕ್ ಇಲ್ಲ ಎಂದು ಓದಿದ್ದೇ ನಿಮ್ಮ ಪ್ರಕರಣದಲ್ಲಿ ಆದ ತಪ್ಪು.

ಎಂ.ಆರ್.ಐ. ಕೂಡ ಈ ಜಾಗದಲ್ಲಿ ಮೊದಲ 48 ಗಂಟೆಗಳಲ್ಲಿ ಕೆಲವೊಮ್ಮೆ ಮೋಸ ಮಾಡುತ್ತದೆ. 2009ರಲ್ಲಿ ಅಮೆರಿಕದಲ್ಲಿ ಇಂಥ 101 ರೋಗಿಗಳನ್ನು ಪರೀಕ್ಷಿಸಿ ಬರೆದ ಒಂದು ಅಧ್ಯಯನವಿದೆ. ಅವರೆಲ್ಲರೂ ಸ್ಟ್ರೋಕಿನ ಅಪಾಯ ಇದ್ದವರು. ಅದರಲ್ಲಿ ಮೊದಲ ಎಂ.ಆರ್.ಐ. ನೂರಕ್ಕೆ 12ರಷ್ಟು ಬಾರಿ ಸ್ಟ್ರೋಕನ್ನು ಗುರುತಿಸದೆ ಬಿಟ್ಟಿತ್ತು. ಕಣ್ಣಿನ ಮೂರು ಪರೀಕ್ಷೆಗಳು ಒಂದನ್ನೂ ಗುರುತಿಸದೆ ಬಿಟ್ಟಿರಲಿಲ್ಲ. ಆ ಮೂರಕ್ಕೆ ಒಟ್ಟಾಗಿ ಹಿಂಟ್ಸ್ ಎಂಬ ಹೆಸರು. ತಲೆ ತಿರುಗಿಸುವುದು ಒಂದು. ಕಣ್ಣುಗುಡ್ಡೆಯ ಜಗ್ಗಾಟದ ದಿಕ್ಕು ಎರಡನೆಯದು: ಕಿವಿಯ ಕಾಯಿಲೆಯಲ್ಲಿ ಅದು ಯಾವಾಗಲೂ ಒಂದೇ ಕಡೆಗೆ ಜಗ್ಗುತ್ತದೆ, ನೋಟವನ್ನು ಎತ್ತ ಹೊರಳಿಸಿದರೂ ಜೋರು ಹೆಚ್ಚುಕಡಿಮೆ ಆಗುತ್ತದೆಯೇ ಹೊರತು ದಿಕ್ಕು ಬದಲಾಗುವುದಿಲ್ಲ. ಬಲಕ್ಕೆ ನೋಡಿದಾಗ ಬಲಕ್ಕೆ, ಎಡಕ್ಕೆ ನೋಡಿದಾಗ ಎಡಕ್ಕೆ ಜಗ್ಗಿದರೆ, ಅಥವಾ ಮೇಲೆ ಕೆಳಗೆ ಕುಣಿದರೆ ಮೆದುಳಿನ ಕಡೆ ನೋಡಬೇಕು. ಕಣ್ಣುಗಳನ್ನು ಅದಲುಬದಲಾಗಿ ಮುಚ್ಚಿದ್ದು ಮೂರನೆಯದು. ಕೈ ಸರಿಸಿದಾಗ ಕಣ್ಣು ಮೇಲಕ್ಕೋ ಕೆಳಕ್ಕೋ ಕೊಂಚ ಸರಿದು ಕೂತರೆ ಎರಡೂ ಕಣ್ಣುಗಳ ಮಟ್ಟ ತಪ್ಪಿದೆ ಎಂದರ್ಥ, ಅದೂ ಮೆದುಳಿನ ಕಾಂಡದ ಕಡೆಯ ಸೂಚನೆ. ಮೂರರಲ್ಲಿ ಒಂದು ಮೆದುಳಿನ ಕಡೆ ಬೆರಳು ತೋರಿಸಿದರೂ ಸ್ಟ್ರೋಕ್ ಎಂದೇ ಹಿಡಿಯುತ್ತೇವೆ.

ಶುಶ್ರೂಷಾಧಿಕಾರಿ, ಶಹಾಪುರ

ನಾನು ಹದಿನಾರು ವರ್ಷಗಳಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದೇನೆ. ನಮ್ಮಂಥ ತಾಲ್ಲೂಕುಗಳಲ್ಲಿ ರಾತ್ರಿ ಎರಡು ಗಂಟೆಗೆ ಎಂ.ಆರ್.ಐ. ಎಂಬುದು ದೂರದ ಮಾತು. ಕಣ್ಣಿನ ಪರೀಕ್ಷೆಗಳನ್ನು ನಾನು ಮಾಡುವುದಿಲ್ಲ, ಆದರೆ ಒಂದನ್ನು ಎಲ್ಲ ಚಕ್ಕರ್ ರೋಗಿಗಳಿಗೂ ಮಾಡುತ್ತೇನೆ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲು ಹೇಳುತ್ತೇನೆ. ಬೀಳದಂತೆ ಇಬ್ಬರು ಪಕ್ಕದಲ್ಲೇ ನಿಂತಿರುತ್ತೇವೆ. ಕಿವಿಯ ಕಾಯಿಲೆಯವರು ಕಣ್ಣು ಮುಚ್ಚಿ ನರಳುತ್ತಾರೆ, ವಾಂತಿ ಮಾಡಿಕೊಳ್ಳುತ್ತಾರೆ, ಆದರೂ ಹೇಗೋ ಕೂರುತ್ತಾರೆ. ಗೋಡೆ ಹಿಡಿದು ಶೌಚಾಲಯದವರೆಗೆ ಹೋಗಿಬರುತ್ತಾರೆ. ಕೈ ಕಟ್ಟಿದ ತಕ್ಷಣ ಸಡಿಲ ಮೂಟೆಯಂತೆ ಒಂದು ಕಡೆಗೆ ವಾಲುವವರನ್ನು ಕಂಡರೆ ನಾನು ಡಾಕ್ಟರನ್ನು ಕೂಗುತ್ತೇನೆ. ಸೇಡಂನ ಅಣ್ಣನವರು ವಾಹನದಲ್ಲಿ ಕೂರಿಸುವಾಗ ಕಂಡದ್ದು ಇದನ್ನೇ, ಮತ್ತು ಅವರ ಅಳುಕು ಸರಿಯಾಗಿತ್ತು.

ಇನ್ನೂ ಎರಡು ಮಾತು. ಚಕ್ಕರ್ ಬಂದವರಿಗೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ, ಏಕೆಂದರೆ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಸಕ್ಕರೆ ಇಳಿದೂ ತಲೆ ತಿರುಗುತ್ತದೆ. ಎರಡನೆಯದು, ನೀರು, ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಎಂದು ಬಾಯಿಗೆ ಹಾಕಬೇಡಿ. ಹಿಂಭಾಗದ ಸ್ಟ್ರೋಕಿನಲ್ಲಿ ನುಂಗುವ ಶಕ್ತಿ ಕೆಟ್ಟಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಧ್ವನಿ ಗೊಗ್ಗರಾಗಿದ್ದರೆ, ಕುಡಿದ ಗುಟುಕಿಗೆ ಕೆಮ್ಮು ಬಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. 108ಕ್ಕೆ ಕರೆ ಮಾಡುವಾಗಲೂ ಚಕ್ಕರ್ ಎಂದಷ್ಟೇ ಹೇಳದೆ, ಇಷ್ಟು ಗಂಟೆಗೆ ಒಮ್ಮೆಗೇ ಬಂತು, ಕೂರಲು ಆಗುತ್ತಿಲ್ಲ ಎಂದು ಹೇಳಿ.

ಕಿವಿ-ಮೂಗು-ಗಂಟಲು ತಜ್ಞ, ಯಾದಗಿರಿ

ವೈದ್ಯೆಯವರು ಬರೆದದ್ದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಆ 101 ರೋಗಿಗಳ ಅಧ್ಯಯನದ ಬಗ್ಗೆ ಒಂದು ಆಕ್ಷೇಪವಿದೆ. ಅಲ್ಲಿ ಪರೀಕ್ಷೆ ಮಾಡಿದವರು ಕಣ್ಣಿನ ಚಲನೆಯನ್ನೇ ಜೀವನವಿಡೀ ಅಭ್ಯಾಸ ಮಾಡಿದವರು. ನಮ್ಮ ಜಿಲ್ಲೆಯಲ್ಲಿ ನೂರು ರೋಗಿಗಳ ಸಾಲಿನ ನಡುವೆ ನಿಂತ ವೈದ್ಯರು ತಲೆಯನ್ನು ನಿಧಾನವಾಗಿ ತಿರುಗಿಸಿದರೆ ಕೆಟ್ಟ ನರದಲ್ಲೂ ಮರುಜಿಗಿತ ಕಾಣುವುದಿಲ್ಲ, ಕಿವಿಯ ರೋಗಿಯನ್ನು ಸ್ಟ್ರೋಕ್ ಎಂದು ಕಳುಹಿಸುತ್ತಾರೆ. ತಿರುವು ಹತ್ತು ಇಪ್ಪತ್ತು ಡಿಗ್ರಿಯಷ್ಟು ಚಿಕ್ಕದಿರಬೇಕು, ಆದರೆ ಚುರುಕಾಗಿರಬೇಕು, ಯಾವ ಕಡೆಗೆ ಎಂಬುದು ರೋಗಿಗೆ ಮೊದಲೇ ತಿಳಿಯಬಾರದು. ಇದು ಓದಿದರೆ ಬರುವ ವಿದ್ಯೆಯಲ್ಲ. ಇದಕ್ಕಿಂತ ದೊಡ್ಡ ತಪ್ಪೆಂದರೆ ಬೀದರಿನ ತಾಯಿಯಂಥವರಿಗೆ ಈ ಪರೀಕ್ಷೆ ಮಾಡುವುದು. ಅವರ ನರ ಸರಿಯಾಗಿಯೇ ಇರುವುದರಿಂದ ಕಣ್ಣು ನಿಲ್ಲುತ್ತದೆ, ಆಗ ಹರಳಿನ ಕಾಯಿಲೆ ಸ್ಟ್ರೋಕಾಗಿ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯವನ್ನು ಯಾರೂ ಹೇಳಿಲ್ಲ. ಚಕ್ಕರ್ ಜೊತೆಗೆ ಒಂದು ಕಿವಿ ಥಟ್ಟನೆ ಕೇಳದಂತಾದರೆ ಎಲ್ಲರೂ ಅದನ್ನು ಕಿವಿಯ ಕಾಯಿಲೆ ಎಂದು ನನ್ನ ಬಳಿಗೇ ಕಳುಹಿಸುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವ ರೋಗಿ ಅವನೇ. ಒಳಗಿವಿಗೆ ರಕ್ತ ಕೊಡುವ ಎಳೆಯಂಥ ನಾಳ ಸಾಮಾನ್ಯವಾಗಿ ಕಿರುಮೆದುಳಿನ ಮುಂಭಾಗಕ್ಕೆ ಹೋಗುವ ನಾಳದಿಂದಲೇ ಕವಲೊಡೆಯುತ್ತದೆ. ಬುಡದಲ್ಲಿ ಕಟ್ಟಿಕೊಂಡರೆ ಕಿವಿಯೂ ಮೆದುಳೂ ಒಟ್ಟಿಗೆ ಹೋಗುತ್ತವೆ. ಆಗ ತಲೆ ತಿರುಗಿಸುವ ಪರೀಕ್ಷೆಯಲ್ಲಿ ಮರುಜಿಗಿತ ಕಾಣುತ್ತದೆ, ಕಿವಿಯದೇ ಎಂಬ ಸುಳ್ಳು ಧೈರ್ಯ ಕೊಡುತ್ತದೆ. ಹೀಗಾಗಿ ಮೂರು ಪರೀಕ್ಷೆಗಳ ಜೊತೆಗೆ ಕಿವಿಯ ಪಕ್ಕದಲ್ಲಿ ಬೆರಳುಗಳನ್ನು ಉಜ್ಜಿ ಎರಡೂ ಕಡೆ ಕೇಳುತ್ತದೆಯೇ ಎಂದು ನೋಡಬೇಕು.

ಹಾಗೆಂದು ಚಕ್ಕರ್ ಬಂದ ಎಲ್ಲರಿಗೂ ಎಂ.ಆರ್.ಐ. ಮಾಡಿಸಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಕೂಲಿಯವರು ಒಂದು ವಾರದ ದುಡಿಮೆ ಸುರಿದು ಬರಿಗೈಲಿ ಮರಳುವುದನ್ನು ನೋಡಿದ್ದೇನೆ.

ನರರೋಗ ವೈದ್ಯೆ, ಕಲಬುರಗಿ

ಸರ್, ಕಿವಿ ಕೇಳಿಸದ ರೋಗಿಯ ಮಾತು ನೂರಕ್ಕೆ ನೂರು ಸರಿ, ನಾನೇ ಬರೆಯಬೇಕಿತ್ತು. ಎಲ್ಲರಿಗೂ ಎಂ.ಆರ್.ಐ. ಎಂದು ನಾನೂ ಹೇಳುತ್ತಿಲ್ಲ. ಆದರೆ ಪರಿಣತಿ ಇಲ್ಲದ ಕಡೆ ಏನು ಮಾಡಬೇಕು ಎಂಬಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ. ಬಿಡದೆ ಇರುವ ಚಕ್ಕರ್, ಕೂರಲಾಗದ ಸ್ಥಿತಿ, ಜೊತೆಗೆ ಬಿ.ಪಿ. ಸಕ್ಕರೆ ಇದ್ದರೆ ಕಣ್ಣಿನ ಪರೀಕ್ಷೆ ಬಾರದ ವೈದ್ಯರು ಸಿಟಿ ನೋಡಿ ಮನೆಗೆ ಕಳುಹಿಸುವುದಕ್ಕಿಂತ, ಒಂದು ಸಲ ತಪ್ಪಾಗಿ ಮೇಲಿನ ಆಸ್ಪತ್ರೆಗೆ ಕಳುಹಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಖರ್ಚಿನ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ.

ನಿವೃತ್ತ ಮಾಸ್ತರ, ಹುಮನಾಬಾದ್

ನನ್ನ ತಿಳಿವಳಿಕೆ ಅರ್ಧವಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಹುಟ್ಟುವುದು ಬೇರೆ, ಹೆಚ್ಚಾಗುವುದು ಬೇರೆ ಎಂಬ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಆದರೂ ಒಂದು ಸಂಶಯ. ಈ ತಲೆ ತಿರುಗಿಸುವ ಪರೀಕ್ಷೆಯನ್ನು ಮನೆಯಲ್ಲಿ ನಾವೇ ಮಾಡಿ ಮೊಬೈಲಿನಲ್ಲಿ ವಿಡಿಯೋ ತೆಗೆದು ವೈದ್ಯರಿಗೆ ಕಳುಹಿಸಿದರೆ ಸಮಯ ಉಳಿಯುವುದಿಲ್ಲವೇ?

ಕಿವಿ-ಮೂಗು-ಗಂಟಲು ತಜ್ಞ, ಯಾದಗಿರಿ

ತಲೆಯನ್ನು ಮಾತ್ರ ಮುಟ್ಟಬೇಡಿ, ಮಾಸ್ತರೇ. ಕತ್ತಿನ ಹಿಂದಿನ ರಕ್ತನಾಳದ ಒಳಪದರು ಹರಿದು ಸ್ಟ್ರೋಕ್ ಆಗುವುದುಂಟು, ವಿಶೇಷವಾಗಿ ವಯಸ್ಸು ಚಿಕ್ಕದಿರುವವರಲ್ಲಿ. ಕತ್ತಿಗೆ ಪೆಟ್ಟು ಬಿದ್ದ ಮೇಲೆ, ತಲೆ ಮಸಾಜಿನಲ್ಲಿ ಕತ್ತನ್ನು ಲಟಕ್ಕೆನಿಸಿದ ಮೇಲೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಹೀಗಾಗುತ್ತದೆ. ಹಿಂಗತ್ತಿನಲ್ಲಿ ಹೊಸ ನೋವು ಇರುವವರಿಗೆ ನಾವೂ ಆ ಪರೀಕ್ಷೆ ಮಾಡಲು ಹಿಂಜರಿಯುತ್ತೇವೆ. ಕಣ್ಣುಗಳ ವಿಡಿಯೋ ತೆಗೆಯುವುದಾದರೆ ತೆಗೆಯಿರಿ: ನೇರ, ಬಲಕ್ಕೆ, ಎಡಕ್ಕೆ ನೋಡಲು ಹೇಳಿ, ಪ್ರತಿ ಕಡೆಗೂ ಹತ್ತು ಸೆಕೆಂಡು. ಇಂಜೆಕ್ಷನ್ ಕೊಟ್ಟ ಮೇಲೆ ಜಗ್ಗಾಟ ಮಂಕಾಗಬಹುದು, ಆದ್ದರಿಂದ ಅದಕ್ಕಿಂತ ಮೊದಲಿನದು ಬೆಲೆಯುಳ್ಳದ್ದು. ಆದರೆ ವಿಡಿಯೋ ಕಳುಹಿಸಿ ಉತ್ತರ ಬರಲೆಂದು ಮನೆಯಲ್ಲಿ ಕಾಯುತ್ತ ಕೂರಬೇಡಿ, ದಾರಿಯಲ್ಲಿ ತೆಗೆಯಿರಿ.

ತೊಗರಿಹೊಲ, ಸೇಡಂ ತಾಲ್ಲೂಕು

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ. ಮೂರನೆಯ ದಿನ ಸಂಜೆ ಕಾಕು ಹಾಲು ಕುಡಿಸಲೆಂದು ಕರೆದಾಗ ಕಾಕಾ ಕಣ್ಣು ತೆರೆದು "ಹ್ಞೂಂ" ಎಂದು ಮತ್ತೆ ಮುಚ್ಚಿದರು. ಎರಡನೆಯ ಸಲ ಕರೆದಾಗಲೂ ಹಾಗೆಯೇ ಆಯಿತು. ಇಡೀ ಎರಡು ರಾತ್ರಿ ನಿದ್ದೆಯಿಲ್ಲ, ಮಲಗಲಿ ಬಿಡು ಎಂದು ಕಾಕು ಹೇಳಿದರು. ಮೇಡಂ ಬರೆದದ್ದು ನೆನಪಿದ್ದುದರಿಂದ ನಾನು ಓಡಿಹೋಗಿ ಡ್ಯೂಟಿ ಡಾಕ್ಟರನ್ನು ಕರೆದೆ. ಮತ್ತೆ ಸ್ಕ್ಯಾನ್ ಮಾಡಿದಾಗ ಊತ ಹೆಚ್ಚಾಗಿ, ಮೆದುಳಿನೊಳಗೆ ನೀರು ತುಂಬಿಕೊಳ್ಳುತ್ತಿದೆ ಎಂದರು. ರಾತ್ರಿಯೇ ತಲೆಯ ಹಿಂಭಾಗದ ಮೂಳೆಯನ್ನು ತೆಗೆದು ಊತಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಆಯಿತು. ಮರುದಿನ ಸಂಜೆ ನನ್ನ ಹೆಸರು ಹಿಡಿದು ಕರೆದರು.

ಈಗ ಮನೆಯಲ್ಲಿದ್ದಾರೆ. ಮಂಚದ ಅಂಚಿನಲ್ಲಿ ಕೈ ಕಟ್ಟಿ ಕೂರುತ್ತಾರೆ, ಗೋಡೆ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಎಡಗೈಯಿಂದ ಲೋಟ ಎತ್ತಿದರೆ ಚಹಾ ತುಳುಕುತ್ತದೆ. ಇ.ಸಿ.ಜಿ.ಯಲ್ಲಿ ಹೃದಯದ ಬಡಿತ ಲಯ ತಪ್ಪಿದ್ದು ಕಂಡುಬಂದಿದ್ದು, ಅಲ್ಲಿಂದ ಹೊರಟ ಹೆಪ್ಪುಗಟ್ಟಿದ ರಕ್ತವೇ ಕಾರಣವಿರಬೇಕೆಂದು ರಕ್ತ ತೆಳುವಾಗಿಸುವ ಮಾತ್ರೆ ಆರಂಭಿಸಿದ್ದಾರೆ.

ಮೇಡಂ, ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ 4.5 ಗಂಟೆಯೊಳಗೆ ಕೊಡಬೇಕಂತೆ. 5.30ಕ್ಕೆ ಬಿದ್ದವರನ್ನು ನಾವು ಪಿತ್ತವೆಂದು ಕೂರಿಸಿಕೊಳ್ಳದೆ ನೇರವಾಗಿ ಕಲಬುರಗಿಗೆ ಒಯ್ದಿದ್ದರೆ 8 ಗಂಟೆಗೆ ತಲುಪುತ್ತಿದ್ದೆವು. ಕೊಡುತ್ತಿದ್ದರೇ?

ನರರೋಗ ವೈದ್ಯೆ, ಕಲಬುರಗಿ

ಮಂಪರನ್ನು ಗುರುತಿಸಿ ನೀವು ಆ ಸಂಜೆ ಓಡಿದ್ದರಿಂದಲೇ ಅವರು ಉಳಿದರು.

ನಿಮ್ಮ ಪ್ರಶ್ನೆಗೆ ಹೌದು ಎಂದು ಹೇಳಲಾರೆ, ಇಲ್ಲ ಎಂದೂ ಹೇಳಲಾರೆ. ನಿದ್ದೆಯಿಂದ ಸರಿಯಾಗಿ ಎದ್ದು, ಕಂಬಳಿ ಮಡಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಬಿದ್ದದ್ದರಿಂದ ಶುರುವಾದ ಗಳಿಗೆ ನಿಖರವಾಗಿ ತಿಳಿದಿತ್ತು, ಸಮಯವೂ ಇತ್ತು. ಆದರೆ ಸ್ಟ್ರೋಕಿನ ತೀವ್ರತೆಯನ್ನು ಅಳೆಯಲು ನಾವು ಬಳಸುವ ಅಂಕಪಟ್ಟಿ ಕೈಕಾಲು, ಮುಖ, ಮಾತುಗಳಿಗೆ ಅಂಕ ಕೊಡುತ್ತದೆ, ಮೈ ನೆಟ್ಟಗೆ ನಿಲ್ಲದಿರುವುದಕ್ಕೆ ಕೊಡುವುದಿಲ್ಲ. ಕೂರಲಾಗದ ನಿಮ್ಮ ಕಾಕಾನಿಗೆ ಅದರಲ್ಲಿ ಸೊನ್ನೆಯೋ ಒಂದೋ ಬರುತ್ತಿತ್ತು. ಅಷ್ಟು ಕಡಿಮೆ ಅಂಕ ಕಂಡ ಕೆಲವು ವೈದ್ಯರು ರಕ್ತಸ್ರಾವದ ಅಪಾಯ ನೆನೆದು ಹಿಂದೆ ಸರಿಯುತ್ತಾರೆ. ಕೂರಲಾಗದಿರುವುದೇ ದೊಡ್ಡ ಅಂಗವೈಕಲ್ಯ ಎಂದು ತಿಳಿದು ಕೊಡುವವರೂ ಇದ್ದಾರೆ. ನಾನಾಗಿದ್ದರೆ ಕೊಡುವ ಕಡೆಗೆ ವಾಲುತ್ತಿದ್ದೆ. ಇದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ.

ಮುಂದಿನ ಭೇಟಿಗೆ ಬರುವಾಗ ಹಳೆಯ ಸಿಟಿ ಫಿಲ್ಮ್, ಎಂ.ಆರ್.ಐ., ಇ.ಸಿ.ಜಿ. ಮೂರನ್ನೂ ತನ್ನಿ. ಮೂತ್ರಪಿಂಡದ ರಕ್ತಪರೀಕ್ಷೆಯನ್ನು ಮಾಡಿಸಿಕೊಂಡು ಬನ್ನಿ, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಮಾಣವನ್ನು ಅದನ್ನು ನೋಡಿಯೇ ನಿರ್ಧರಿಸಬೇಕು.

ಮನೆಯಂಗಳ, ಬೀದರ್

ಅಣ್ಣಾ, ಕಾಕಾನವರು ನಡೆಯುತ್ತಿದ್ದಾರೆಂದು ಓದಿ ಜೀವ ಬಂತು. ಡಾಕ್ಟರೇ, ನನ್ನದೂ ಒಂದು ಕೇಳುವುದಿದೆ. ಹೋದ ವಾರದಿಂದ ಹೊರಳದೆಯೂ ಒಮ್ಮೊಮ್ಮೆ ಕಾಲು ಗಂಟೆ ತಲೆ ತಿರುಗುತ್ತಿದೆ, ಮೊದಲಿನಂತೆ ಮೂವತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತಿಲ್ಲ.

ಕಿವಿ-ಮೂಗು-ಗಂಟಲು ತಜ್ಞ, ಯಾದಗಿರಿ

ತಾಯಿ, ಇದು ಹಳೆಯ ಹರಳಿನ ಕಾಯಿಲೆಯ ರೀತಿಯಲ್ಲ. ಕಿವಿಯದೇ ಬೇರೆ ಕಾಯಿಲೆ ಇರಬಹುದು, ಒಂದು ಬಗೆಯ ತಲೆಶೂಲೆಯೂ ಇರಬಹುದು, ಮೆದುಳಿನ ಹಿಂಭಾಗಕ್ಕೆ ರಕ್ತ ಆಗಾಗ ಕಡಿಮೆಯಾಗಿ ಮರಳುತ್ತಿರಲೂಬಹುದು. ಬರೆದು ನಿರ್ಧರಿಸುವಂಥದ್ದಲ್ಲ. ನಾಳೆಯನ್ನು ದಾಟಿಸದೆ ಬೀದರಿನಲ್ಲೇ ವೈದ್ಯರಿಗೆ ತೋರಿಸಿ. ಹೋಗುವ ಮೊದಲೇ ಮತ್ತೆ ಬಂದು ನಿಲ್ಲದೇ ಹೋದರೆ, ವಸ್ತುಗಳು ಎರಡಾಗಿ ಕಂಡರೆ, ಮಾತು ತೊದಲಿದರೆ ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿ.